ಸಿಹಿನೀರೂ ಕಪ್ಪಾದೀತು

ನವಲಗುಂದ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ನೀರಿಗೆ ಎರಡೇ ಜಾತಿ. ಒಂದು ಸಿಹಿನೀರು, ಇನ್ನೊಂದು ಸವಳು ನೀರು. ಈ ಎರಿಮಣ್ಣಿನ ಸೀಮೆಯಲ್ಲಿ ಬೋರ್ ಕೊರೆಸಿದರೆ ಬಹಳ ಕಡೆ ಸಿಗುವುದು ಸವಳೇ. ಅದು ಬಟ್ಟೆ ಒಗೆಯಲು, ಪಾತ್ರೆ ತಿಕ್ಕಲು, ದನಗಳಿಗೆ. ಕುಡಿಯಲು ಮತ್ತು ಬೇಳೆ ಬೇಯಲು ಸಿಹಿನೀರೇ ಬೇಕು. ಅದಕ್ಕೆ ಮಲಪ್ರಭಾ ಕಾಲುವೆಯಿಂದ ತುಂಬಿಸಿದ ಊರ ಕೆರೆ, ಇಲ್ಲವೆ ನಳದ ನೀರು, ಇಲ್ಲವೆ ಕಾಯಿನ್ ಹಾಕಿ ತುಂಬಿಸಿಕೊಳ್ಳುವ ಫಿಲ್ಟರ್ ನೀರು. ನಾಲಿಗೆ ಹೇಳಿದ್ದೇ ಇಲ್ಲಿ ತೀರ್ಪು. ಸಿಹಿಯಿದ್ದರೆ ಕುಡಿಯಬಹುದು, ಸವಳಾದರೆ ಬೇಡ.

ಶಾಲೆಯ ವಿಜ್ಞಾನ ಮೇಳದ ಪ್ರಾಜೆಕ್ಟುಗಳೂ ಇದೇ ನಾಲಿಗೆಯ ಹಿಂದೆ ನಡೆದಿವೆ. ಮೇಜಿನ ಮೇಲೆ ನಾಲ್ಕು ಗ್ಲಾಸಿನಲ್ಲಿ ಕೆರೆ, ಬೋರ್, ನಳ, ಫಿಲ್ಟರ್ ನೀರು. ಪೆನ್ನಿನಂಥ ಟಿಡಿಎಸ್ ಮೀಟರನ್ನು ಒಂದೊಂದರಲ್ಲೂ ಅದ್ದಿ ಸಂಖ್ಯೆ ತೋರಿಸಿದರೆ ಪ್ರಾಜೆಕ್ಟ್ ಮುಗಿಯಿತು. ಆದರೆ ಆ ಮೀಟರ್ ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆಂದು ಅಳೆದು, ಅದರಿಂದ ಕರಗಿದ ಲವಣದ ಪ್ರಮಾಣವನ್ನು ಅಂದಾಜು ಮಾಡುತ್ತದೆ, ಅಷ್ಟೆ. ಭಾರತೀಯ ಮಾನಕ ಸಂಸ್ಥೆಯ IS 10500 ಪ್ರಕಾರ ಕುಡಿಯುವ ನೀರಿನ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದ ಕಡೆ 2000ದವರೆಗೆ ಒಪ್ಪುತ್ತಾರೆ. ಎಮ್ಮೆ ಇಳಿದು ಮೈ ತೊಳೆದ ಕೆರೆಯ ನೀರೂ ಈ ಮೀಟರಿನಲ್ಲಿ ಸಲೀಸಾಗಿ ಪಾಸಾದೀತು. ಭೇದಿ, ಟೈಫಾಯಿಡ್, ಕಾಮಾಲೆ ತರುವ ರೋಗಾಣುಗಳಿಗೆ ರುಚಿಯಿಲ್ಲ, ಅವು ಮೀಟರಿನ ಸಂಖ್ಯೆಯನ್ನೂ ಕದಲಿಸುವುದಿಲ್ಲ. ಸಾರ್ವಜನಿಕ ಆರೋಗ್ಯದ ಪ್ರಾಜೆಕ್ಟ್ ಎಂದು ಹೆಸರಿಟ್ಟು ಟಿಡಿಎಸ್ ಒಂದನ್ನೇ ಅಳೆಯುವುದೆಂದರೆ ಜ್ವರದ ರೋಗಿಯ ಎತ್ತರ ಅಳೆದು ಕಳಿಸಿದ ಹಾಗೆ.

ಎಂಟು, ಒಂಬತ್ತು, ಹತ್ತನೆಯ ತರಗತಿಯವರ ಕೈಗೆ ಎಟುಕುವ, ಆರೋಗ್ಯಕ್ಕೆ ನೇರ ಸಂಬಂಧಿಸಿದ ಪ್ರಶ್ನೆ ಇದು: ನಳದಲ್ಲಿ ಬಂದ ನೀರು ಬಾಯಿಗೆ ಹೋಗುವಷ್ಟರಲ್ಲಿ ಎಲ್ಲಿ ಕೆಡುತ್ತದೆ?

ಈ ಪ್ರಶ್ನೆಗೆ ಇದೇ ಧಾರವಾಡ ಜಿಲ್ಲೆಯಲ್ಲೊಂದು ಹಿನ್ನೆಲೆಯಿದೆ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರುವ ವ್ಯವಸ್ಥೆಯಾದಾಗ, ಉಳಿದ ವಾರ್ಡುಗಳಿಗೆ ಕೆಲವು ದಿನಕ್ಕೊಮ್ಮೆ ಕೆಲವೇ ತಾಸು ನೀರು ಬಿಡುತ್ತಿದ್ದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಬಗೆಯ ವಾರ್ಡುಗಳ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ತಡೆತಡೆದು ಬರುವ ನಳಗಳ ಮಾದರಿಗಳಲ್ಲಿ ನೂರಕ್ಕೆ ಸುಮಾರು 32ರಲ್ಲಿ ಇ. ಕೊಲೈ ಸಿಕ್ಕಿತು. ಇ. ಕೊಲೈ ಮಲದಿಂದ ಬರುವ ಸೂಕ್ಷ್ಮಾಣು. ಸದಾ ಬರುವ ನಳಗಳಲ್ಲಿ ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಕಾರಣ ಸರಳ. ನೀರು ಬಿಡದ ದಿನ ಪೈಪು ಖಾಲಿ, ಒತ್ತಡವಿಲ್ಲ. ಎಲ್ಲಿ ಒಡಕಿದೆಯೋ ಅಲ್ಲಿಂದ ಗಟಾರದ ನೀರು ಒಳಗೆ ಇಳಿಯುತ್ತದೆ. ಮತ್ತೆ ನೀರು ಬಿಟ್ಟಾಗ ಆ ಹೊಲಸು ಮೊದಲ ಕೊಡದಲ್ಲೇ ಬರುತ್ತದೆ. ನವಲಗುಂದ, ಕುಂದಗೋಳದ ಹಳ್ಳಿಗಳಲ್ಲೂ ನಳ ಬರುವುದು ಹೀಗೆ ಬಿಟ್ಟು ಬಿಟ್ಟೇ. ಬಂದ ನೀರನ್ನು ಮುಂದಿನ ಸರದಿಯವರೆಗೆ ಕೊಡ, ಹರವಿ, ಡ್ರಮ್ಮುಗಳಲ್ಲಿ ತುಂಬಿಡುತ್ತಾರೆ. ಹಾಗಾಗಿ ನೀರು ಕೆಡಲು ಒಂದಲ್ಲ, ಎರಡು ಎಡೆ ಇವೆ: ಪೈಪು ಮತ್ತು ಮನೆ. ವಿದ್ಯಾರ್ಥಿಗಳು ಹುಡುಕಬೇಕಾದದ್ದು ಅವರ ಊರಿನಲ್ಲಿ ಯಾವುದು ಹೆಚ್ಚು ಎಂದು.

ಇದಕ್ಕೆ ಬೇಕಾದ ಸಾಮಾನು ಎರಡೇ: ಕ್ಲೋರಿನ್ ನೋಡುವ ಬಣ್ಣದ ಕಿಟ್ ಮತ್ತು ಸಣ್ಣ ಎಚ್‌ಟುಎಸ್ ಬಾಟಲಿಗಳು.

ಮೊದಲು ಕ್ಲೋರಿನ್. ನೀರಿನ ಟಾಕಿಗೆ ವಾಟರ್‌ಮನ್ ಬ್ಲೀಚಿಂಗ್ ಪೌಡರ್ ಹಾಕುವುದು ಟಾಕಿಯಲ್ಲಿರುವ ಸೂಕ್ಷ್ಮಾಣುಗಳನ್ನು ಕೊಲ್ಲಲು ಮಾತ್ರವಲ್ಲ, ದಾರಿಯಲ್ಲಿ ಸೇರುವವನ್ನೂ ಕೊಲ್ಲಲಿ ಎಂದು. ಆದ್ದರಿಂದ ಕಟ್ಟಕಡೆಯ ಮನೆಯ ನಳದಲ್ಲೂ ಸ್ವಲ್ಪ ಕ್ಲೋರಿನ್ ಉಳಿದಿರಬೇಕು. IS 10500 ಕೇಳುವುದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಕಿಟ್ಟಿನ ನಳಿಕೆಗೆ ಗೆರೆಯವರೆಗೆ ನೀರು ತುಂಬಿ, ಹೇಳಿದಷ್ಟು ಹನಿ ಅಥವಾ ಒಂದು ಗುಳಿಗೆ ಹಾಕಿದರೆ ಬಣ್ಣ ಬರುತ್ತದೆ. ಓಟಿ ದ್ರಾವಣವಾದರೆ ಹಳದಿ, ಡಿಪಿಡಿ ಗುಳಿಗೆಯಾದರೆ ಗುಲಾಬಿ. ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿ ಸಂಖ್ಯೆ ಬರೆದುಕೊಳ್ಳಬೇಕು. ಓಟಿಯ ಬಣ್ಣವನ್ನು ಹನಿ ಬಿದ್ದ ಕೂಡಲೇ ನೋಡಬೇಕು. ನಿಂತಷ್ಟೂ ಹಳದಿ ಗಾಢವಾಗಿ, ಕೆಲಸಕ್ಕೆ ಬಾರದ ಕ್ಲೋರಿನ್ನನ್ನೂ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಅದು ವಿಷಕಾರಿ ದ್ರಾವಣ, ಕೈಗೆ ತಾಗಬಾರದು. ಆರಿಸಿಕೊಳ್ಳಲು ಅವಕಾಶವಿದ್ದರೆ ಡಿಪಿಡಿಯೇ ಮೇಲು. ಅದರಲ್ಲೂ ಒಂದು ಮೋಸವಿದೆ. ನೀರಿಗೆ ಬ್ಲೀಚಿಂಗ್ ವಿಪರೀತವಾಗಿದ್ದರೆ ಗುಲಾಬಿ ಒಂದು ಕ್ಷಣ ಮಿಂಚಿ ಮಾಯವಾಗಿ ನೀರು ತಿಳಿಯಾಗುತ್ತದೆ. ಕ್ಲೋರಿನ್ ಇಲ್ಲವೆಂದು ಬರೆದುಕೊಂಡರೆ ಲೆಕ್ಕ ತಲೆಕೆಳಗು. ಮೂಗಿಗೆ ವಾಸನೆ ಹೊಡೆಯುತ್ತಿದ್ದು ಬಣ್ಣ ಬಾರದಿದ್ದರೆ, ಕ್ಲೋರಿನ್ ಇಲ್ಲದ ನೀರನ್ನು ಒಂದಕ್ಕೆ ನಾಲ್ಕರಂತೆ ಬೆರೆಸಿ ಮತ್ತೊಮ್ಮೆ ನೋಡಿ, ಬಂದ ಸಂಖ್ಯೆಯನ್ನು ಐದರಿಂದ ಗುಣಿಸಬೇಕು. ಈ ಪರೀಕ್ಷೆಯನ್ನು ನಳದ ಬುಡದಲ್ಲೇ ಮಾಡಬೇಕು. ಬಾಟಲಿಯಲ್ಲಿ ತುಂಬಿ ಶಾಲೆಗೆ ಒಯ್ಯುವಷ್ಟರಲ್ಲಿ ಕ್ಲೋರಿನ್ ಇಳಿದಿರುತ್ತದೆ.

ಎರಡನೆಯದು ಎಚ್‌ಟುಎಸ್ ಬಾಟಲಿ. ಗ್ವಾಲಿಯರಿನ ರಕ್ಷಣಾ ಸಂಶೋಧನಾಲಯದಲ್ಲಿದ್ದ ಕೆ.ಎಸ್. ಮಾಂಜ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ವಿಧಾನವಿದು; ಇಂದು ಜಗತ್ತಿನ ಹಲವೆಡೆ ಬಳಕೆಯಲ್ಲಿದೆ. ಬಾಟಲಿಯೊಳಗೆ ಸೂಕ್ಷ್ಮಾಣುಗಳಿಗೆ ಆಹಾರವೂ ಗಂಧಕ ಮತ್ತು ಕಬ್ಬಿಣದ ಲವಣಗಳೂ ಒಣಗಿ ಕೂತಿರುತ್ತವೆ. ಮಲದೊಂದಿಗೆ ಬರುವ ಕೆಲವು ಸೂಕ್ಷ್ಮಾಣುಗಳು ಗಂಧಕದ ಲವಣದಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಹುಟ್ಟಿಸುತ್ತವೆ, ಅದು ಕಬ್ಬಿಣದ ಜೊತೆ ಕೂಡಿ ಕಪ್ಪಾಗುತ್ತದೆ. ಸೂಕ್ಷ್ಮದರ್ಶಕ ಬೇಕಿಲ್ಲ, ಕರೆಂಟೂ ಬೇಕಿಲ್ಲ. ನೀರು ತುಂಬಿಟ್ಟು 24ರಿಂದ 48 ತಾಸು ಕಾಯಬೇಕು. ಕಪ್ಪಾದರೆ ನೀರಿಗೆ ಮಲದ ಸಂಪರ್ಕವಾಗಿರುವ ಶಂಕೆ ಬಲವಾಯಿತು. ಜಲಜೀವನ್ ಮಿಷನ್ ಅಡಿಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ಅದನ್ನು ಬಳಸಲು ಕಲಿಸಬೇಕೆಂಬ ನಿಯಮವಿದೆ. ಹಾಗಾಗಿ ಕ್ಲೋರಿನ್ ಕಿಟ್ಟನ್ನೂ ಈ ಬಾಟಲಿಗಳನ್ನೂ ಮೊದಲು ಕೇಳಬೇಕಾದ ಜಾಗ ಪಂಚಾಯಿತಿ ಕಚೇರಿ. ಕಪಾಟಿನಲ್ಲಿ ಧೂಳು ಹಿಡಿದ ಡಬ್ಬಿ ಸಿಕ್ಕರೆ ಅವಧಿ ಮುಗಿದ ದಿನಾಂಕ ನೋಡಿಕೊಳ್ಳುವುದನ್ನು ಮರೆಯಬಾರದು.

ಇನ್ನು ಯೋಜನೆ. ಐದಾರು ವಿದ್ಯಾರ್ಥಿಗಳ ತಂಡ, ಹನ್ನೆರಡು ಮನೆ, ಒಂದೇ ಟಾಕಿಯಿಂದ ನೀರು ಪಡೆಯುವ ಓಣಿ. ಮನೆಗಳನ್ನು ಗೆಳೆಯರ ಮನೆಯೆಂದು ಆರಿಸದೆ, ಟಾಕಿಯಿಂದ ಶುರುಮಾಡಿ ಪೈಪಿನ ತುದಿಯವರೆಗೆ ಐದಕ್ಕೊಂದರಂತೆ ಎಣಿಸಿ ಹಿಡಿಯುವುದು ಒಳ್ಳೆಯದು. ಪ್ರತಿ ಮನೆಗೂ ಎರಡು ಬಾಟಲಿ, ಒಂದು ನಳಕ್ಕೆ, ಒಂದು ಕುಡಿಯುವ ನೀರಿಗೆ. ಒಟ್ಟು 24. ಇವಲ್ಲದೆ ಇನ್ನೂ ನಾಲ್ಕು ಬಾಟಲಿ ಬೇಕು. ಎರಡಕ್ಕೆ ಕುದಿಸಿ, ಮುಚ್ಚಿಟ್ಟು ಆರಿಸಿದ ನೀರು, ಎರಡಕ್ಕೆ ದನ ಕುಡಿಯುವ ತೊಟ್ಟಿಯ ನೀರು. ಮೊದಲಿನವು ಕಪ್ಪಾದರೆ ತಂಡದ ಕೈ ಹೊಲಸು, ಕೊನೆಯವು ಕಪ್ಪಾಗದಿದ್ದರೆ ಬಾಟಲಿಗಳು ಕೆಟ್ಟಿವೆ ಇಲ್ಲವೆ ಬಿಸುಪು ಸಾಲದಾಗಿದೆ ಎಂದರ್ಥ. ಬಹಳ ಪ್ರಾಜೆಕ್ಟುಗಳಲ್ಲಿ ಕಾಣದ ಭಾಗ ಇದೇ. ಇದಿಲ್ಲದ ಪ್ರಾಜೆಕ್ಟಿನ ಫಲಿತಾಂಶವನ್ನು ತೀರ್ಪುಗಾರರು ನಂಬಬೇಕಾಗಿಲ್ಲ.

ನಳದ ನೀರು ಹಿಡಿಯುವುದಕ್ಕೂ ಕ್ರಮವಿದೆ. ಕೈ ಸಾಬೂನಿನಲ್ಲಿ ತೊಳೆದು, ನಳದ ಬಾಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಎರಡು ನಿಮಿಷ ನೀರು ಬಿಟ್ಟು ಆಮೇಲೆ ಹಿಡಿಯಬೇಕು. ಬಾಟಲಿಯ ಮುಚ್ಚಳವನ್ನು ನೆಲಕ್ಕಿಡದೆ, ಒಳಬದಿ ಮುಟ್ಟದೆ, ಗೆರೆಯವರೆಗೆ ತುಂಬಿ ಕೂಡಲೇ ಬಿಗಿಯಬೇಕು. ಮನೆಯ ನೀರಿಗೆ ತಂಡದ ಕೈ ಮತ್ತು ಬಾಟಲಿಯ ಶುಚಿ ಸಾಕು, ಒರೆಸುವುದು, ನೀರು ಬಿಡುವುದು ಬೇಡ. ಅಲ್ಲಿ ಬೇಕಾದದ್ದು ಮನೆಯವರು ಕುಡಿಯುವ ನೀರು, ಅವರು ಕುಡಿಯುವ ರೀತಿಯಲ್ಲೇ. “ಅಕ್ಕಾರ, ಕುಡ್ಯಾಕ ಒಂದ್ ಗ್ಲಾಸ್ ನೀರ ಕೊಡ್ರಿ” ಎಂದು ಕೇಳಿ, ಅವರು ತಂದುಕೊಟ್ಟ ಗ್ಲಾಸಿನಿಂದಲೇ ಬಾಟಲಿಗೆ ಸುರಿಯಬೇಕು. ಯುನಿಸೆಫ್ ನೆರವಿನ ದೊಡ್ಡ ಮನೆಮನೆ ಸಮೀಕ್ಷೆಗಳಲ್ಲೂ ಹೀಗೇ ಒಂದು ಗ್ಲಾಸ್ ನೀರು ಕೇಳಿ ಪಡೆಯುತ್ತಾರೆ. ನೀರು ಪರೀಕ್ಷೆಗೆಂದು ಮೊದಲೇ ಸಾರಿಬಿಟ್ಟರೆ ಅಂದು ಹರವಿ ತೊಳೆದು ಹೊಸ ನೀರು ತುಂಬಿರುತ್ತಾರೆ. ಪರೀಕ್ಷೆಗೆ ಒಪ್ಪಿಗೆಯನ್ನು ನೀರು ಕೈಗೆ ಬಂದ ಮೇಲೆ, ಆದರೆ ಬಾಟಲಿಗೆ ಹಾಕುವ ಮೊದಲು ಕೇಳಬೇಕು. ಬೇಡವೆಂದರೆ ನೀರು ಕುಡಿದು ಮುಂದಿನ ಮನೆಗೆ.

ಅದೇ ಹೊತ್ತಿಗೆ ನಾಲ್ಕು ಸಂಗತಿ ಬರೆದುಕೊಂಡರೆ ಸಾಕು. ನೀರು ತುಂಬಿ ಎಷ್ಟು ದಿನವಾಯಿತು, ಪಾತ್ರೆಗೆ ಮುಚ್ಚಳ ಇದೆಯೇ, ನೀರನ್ನು ಗ್ಲಾಸ್ ಅದ್ದಿ ತೆಗೆದರೋ ಹಿಡಿಕೆಯ ಸೌಟಿನಿಂದಲೋ ನಳವಿರುವ ಡ್ರಮ್ಮಿನಿಂದಲೋ, ಗ್ಲಾಸಿನಲ್ಲಿ ಉಳಿದ ನೀರಿನ ಕ್ಲೋರಿನ್ ಎಷ್ಟು. ಮೂವತ್ತು ಪ್ರಶ್ನೆಗಳ ಫಾರ್ಮು ಹಿಡಿದು ಹೋದರೆ ಅರ್ಧ ಉತ್ತರ ಸುಳ್ಳಾಗಿರುತ್ತವೆ. ಕೈ ತೊಳೆಯುತ್ತೀರಾ ಎಂದು ಕೇಳಿದರೆ ಇಲ್ಲ ಎನ್ನುವವರು ಯಾರು? ಗ್ಲಾಸನ್ನು ಅದ್ದಿದ ಬೆರಳು ನೀರಿನಲ್ಲಿ ಮುಳುಗಿತೇ ಎಂದು ಕಣ್ಣಿನಿಂದ ನೋಡುವುದೇ ಸರಿ.

ತುಂಬಿದ ಬಾಟಲಿಗಳು 30ರಿಂದ 37 ಡಿಗ್ರಿ ಬಿಸುಪಿನಲ್ಲಿರಬೇಕು. ಬೇಸಿಗೆಯಲ್ಲಿ ಶಾಲೆಯ ಕಪಾಟೇ ಸಾಕು. ಚಳಿಗಾಲದ ರಾತ್ರಿ ಧಾರವಾಡ ಸೀಮೆ ತಣ್ಣಗಾಗುತ್ತದೆ. ಸೂಕ್ಷ್ಮಾಣುಗಳು ಬೆಳೆಯದೆ, ಕಪ್ಪಾಗಬೇಕಾದ ಬಾಟಲಿಯೂ ಕಪ್ಪಾಗದೆಯೇ ಉಳಿದೀತು. ಒಂದು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಬಾಟಲಿಗಳ ನಡುವೆ ಬೆಚ್ಚನೆಯ ನೀರಿನ ಬಾಟಲಿಯೊಂದನ್ನಿಟ್ಟು ಕಂಬಳಿ ಸುತ್ತಿ, ಒಳಗೊಂದು ಥರ್ಮಾಮೀಟರ್ ಇಟ್ಟರೆ ಕೆಲಸ ನಡೆಯುತ್ತದೆ. 24 ತಾಸಾದಾಗ ಒಮ್ಮೆ, 48 ತಾಸಾದಾಗ ಒಮ್ಮೆ ನೋಡಿ ಬರೆದುಕೊಳ್ಳಬೇಕು, ಮುಚ್ಚಳ ತೆರೆಯಬಾರದು.

ಫಲಿತಾಂಶವನ್ನು ಓದುವುದು ಹೇಗೆ? ಲೆಕ್ಕ ತಿಳಿಯಲೆಂದು ಒಂದು ಕಲ್ಪಿತ ಊರನ್ನು ಇಟ್ಟುಕೊಳ್ಳೋಣ. ಹನ್ನೆರಡು ಮನೆಗಳಲ್ಲಿ ಎರಡು ಮನೆಯ ನಳದ ಬಾಟಲಿ ಕಪ್ಪಾಗಿವೆ, ಏಳು ಮನೆಯ ಗ್ಲಾಸಿನ ಬಾಟಲಿ ಕಪ್ಪಾಗಿವೆ. ಇಷ್ಟನ್ನೇ ಚಾರ್ಟಿನಲ್ಲಿ ಎರಡು ಕಂಬವಾಗಿ ಬರೆದು ನಿಲ್ಲಿಸುವ ಬದಲು ಪ್ರತಿ ಮನೆಯ ಎರಡು ಬಾಟಲಿಗಳನ್ನು ಜೋಡಿಯಾಗಿ ನೋಡಬೇಕು. ನಳವೂ ಗ್ಲಾಸೂ ತಿಳಿಯಾಗಿ ಉಳಿದ ಮನೆ ಐದು. ಎರಡೂ ಕಪ್ಪಾದ ಮನೆ ಎರಡು, ಎರಡೂ ಪೈಪಿನ ತುದಿಯಲ್ಲಿ, ನಳದಲ್ಲಿ ಕ್ಲೋರಿನ್ ಶೂನ್ಯ. ನಳ ತಿಳಿಯಾಗಿದ್ದು ಗ್ಲಾಸು ಕಪ್ಪಾದ ಮನೆ ಐದು, ಅವುಗಳಲ್ಲಿ ನಾಲ್ಕರಲ್ಲಿ ಗ್ಲಾಸ್ ಅದ್ದಿ ನೀರು ತೆಗೆದರು. ಈಗ ಕಥೆ ಎರಡಾಯಿತು. ಓಣಿಯ ತುದಿಯಲ್ಲಿ ಪೈಪಿನ ತೊಂದರೆ, ಅದು ಪಂಚಾಯಿತಿಯ ಕೆಲಸ. ನಡುವಿನ ಮನೆಗಳಲ್ಲಿ ಹರವಿಯೊಳಗೆ ಇಳಿಯುವ ಕೈಯ ತೊಂದರೆ, ಅದಕ್ಕೆ ಹಿಡಿಕೆಯ ಸೌಟು ಸಾಕು. ಆದರೆ ಆ ನಾಲ್ಕು ಮನೆಗಳ ನೀರು ಉಳಿದವುಗಳಿಗಿಂತ ಹಳೆಯದಾಗಿದ್ದರೆ? ತಪ್ಪು ಅದ್ದುವ ಕೈಯದೋ ಕಳೆದ ದಿನಗಳದೋ ಎಂದು ಹೇಳಲು ಬರುವುದಿಲ್ಲ. ಅದಕ್ಕೇ ನೀರಿನ ವಯಸ್ಸು ಬರೆದುಕೊಳ್ಳಬೇಕಿತ್ತು. ಹನ್ನೆರಡು ಮನೆಯ ಲೆಕ್ಕವನ್ನು ಶೇಕಡಾವಾರು ಮಾಡಿ ಇಡೀ ತಾಲ್ಲೂಕಿಗೆ ಹಚ್ಚುವುದೂ ಸಲ್ಲದು. ‘12ರಲ್ಲಿ 7’ ಎಂದು ಬರೆದರೆ ಮರ್ಯಾದೆ ಉಳಿಯುತ್ತದೆ.

ಬಾಟಲಿಯ ಮಿತಿಗಳನ್ನೂ ವರದಿಯಲ್ಲಿ ಬರೆಯಬೇಕು. ಇಂಥ ಸಣ್ಣ ಬಾಟಲಿಗೆ ಹಿಡಿಯುವುದು 20 ಮಿ.ಲೀ. ಆಸುಪಾಸು. ಮಾನಕ ಹೇಳುವುದು 100 ಮಿ.ಲೀ. ನೀರಿನಲ್ಲಿ ಒಂದೂ ಇ. ಕೊಲೈ ಇರಬಾರದೆಂದು. ಆದ್ದರಿಂದ ಕಪ್ಪಾಗದ ನೀರು ನೂರಕ್ಕೆ ನೂರು ಶುದ್ಧವೆಂದಲ್ಲ. ಕಾಮಾಲೆಯ ವೈರಾಣು ಇದಕ್ಕೆ ಕಾಣುವುದಿಲ್ಲ. ಫ್ಲೋರೈಡ್, ನೈಟ್ರೇಟಿನ ಸುದ್ದಿಯೂ ಇದಕ್ಕೆ ತಿಳಿಯದು. ಕೊಳೆತ ಮೊಟ್ಟೆಯ ವಾಸನೆಯ ಬೋರ್ ನೀರು ಹಾಕಿದರೆ ಸೂಕ್ಷ್ಮಾಣು ಇಲ್ಲದೆಯೂ ಬಾಟಲಿ ಕಪ್ಪಾದೀತು, ಏಕೆಂದರೆ ಸಲ್ಫೈಡ್ ಆ ನೀರಿನಲ್ಲೇ ಇದೆ. ಗುರುತು ಸುಲಭ. ಅಂಥದ್ದು ಕೆಲವೇ ನಿಮಿಷಗಳಲ್ಲಿ ಕಪ್ಪಾಗುತ್ತದೆ, ಸೂಕ್ಷ್ಮಾಣುಗಳಿಗೆ ಬೆಳೆಯಲು ತಾಸುಗಟ್ಟಲೆ ಬೇಕು.

ಇದೇ ಜಾಡಿನಲ್ಲಿ ಶಾಲೆಯ ನೀರನ್ನೂ ಹಿಂಬಾಲಿಸಬಹುದು. ಶಾಲೆಗೆ ಬರುವ ನಳ, ಮೇಲಿನ ಸಿಂಟೆಕ್ಸ್, ಮಕ್ಕಳು ಕುಡಿಯುವ ನಳ, ಬಿಸಿಯೂಟದ ಕೋಣೆಯ ಡ್ರಮ್ಮು, ಹೀಗೆ ನಾಲ್ಕು ಎಡೆ. ಸೋಮವಾರ ಬೆಳಿಗ್ಗೆ ಮತ್ತು ಗುರುವಾರ ಬೆಳಿಗ್ಗೆ ನೋಡಿದರೆ ಇನ್ನೂ ಸ್ವಾರಸ್ಯ. ಶನಿವಾರ ಮಧ್ಯಾಹ್ನದಿಂದ ಸೋಮವಾರದವರೆಗೆ ಸಿಂಟೆಕ್ಸಿನಲ್ಲಿ ನಿಂತ ನೀರಿನ ಕ್ಲೋರಿನ್ ಎಷ್ಟು ಇಳಿದಿದೆ ಎಂಬುದು ಆಗ ಕಾಣುತ್ತದೆ. ಟಾಕಿ ಹತ್ತುವ ಕೆಲಸ ದೊಡ್ಡವರದು, ಮಕ್ಕಳದಲ್ಲ.

ಫಿಲ್ಟರ್ ನೀರಿನ ಕ್ಯಾನನ್ನೂ ಬಿಡಬಾರದು. ಶುದ್ಧ ಕುಡಿಯುವ ನೀರಿನ ಘಟಕದ ಆರ್‌ಒ ಯಂತ್ರ ಸವಳನ್ನು ತೆಗೆಯುವಲ್ಲಿ ಗಟ್ಟಿ. ಆದರೆ ಅದರಿಂದ ಹೊರಬಂದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ, ಕಾವಲುಗಾರನಿಲ್ಲದ ಮನೆಯಂತೆ. ಘಟಕದ ನಳಕ್ಕೊಂದು ಬಾಟಲಿ, ಅದೇ ನೀರು ಮನೆಯ 20 ಲೀಟರ್ ಕ್ಯಾನಿನಲ್ಲಿ ಮೂರು ದಿನ ಕೂತ ಮೇಲೆ ಇನ್ನೊಂದು ಬಾಟಲಿ. ಟಿಡಿಎಸ್ ಮೀಟರ್ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸುತ್ತದೆ. ಮೀಟರನ್ನು ಇಟ್ಟುಕೊಂಡವರು ಅದನ್ನು ಬಳಸಬೇಕಾದದ್ದು ಇಂಥ ಕಡೆ, ಅದಕ್ಕೆ ಏನು ಕಾಣುವುದಿಲ್ಲ ಎಂದು ತೋರಿಸಲು.

ಮಡಿಯಾದ ತಾಮ್ರದ ಕೊಡ ಇನ್ನೊಂದು ಒಳ್ಳೆಯ ವಿಷಯ. ಬೆಂಗಳೂರಿನ ಆಯುರ್ವೇದ ಸಂಶೋಧಕರ ತಂಡವೊಂದು ಸೂಕ್ಷ್ಮಾಣು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ತಾಸು ಇಟ್ಟು, ಇ. ಕೊಲೈ, ಕಾಲರಾ ಮೊದಲಾದ ಭೇದಿಯ ಸೂಕ್ಷ್ಮಾಣುಗಳು ಸಾಯುತ್ತವೆಂದು 2012ರಲ್ಲಿ ವರದಿ ಮಾಡಿತು. ಶಾಲೆಯಲ್ಲಿ ಇದನ್ನು ಪರೀಕ್ಷಿಸುವುದು ಸುಲಭ. ಒಂದೇ ಕೆರೆಯ ನೀರನ್ನು ಬಟ್ಟೆಯಲ್ಲಿ ಸೋಸಿ, ತಾಮ್ರದ ತಂಬಿಗೆಗೂ ಸ್ಟೀಲಿನ ತಂಬಿಗೆಗೂ ಸಂಜೆ ನಾಲ್ಕಕ್ಕೆ ತುಂಬಿ ಮುಚ್ಚಿ, ಮರುದಿನ ಬೆಳಿಗ್ಗೆ ಎಂಟಕ್ಕೆ ಒಂದೊಂದರಿಂದ ಮೂರು ಬಾಟಲಿ ತುಂಬಬೇಕು. ರಾಡಿ ನೀರಿನಲ್ಲಿ ತಾಮ್ರ ಸೋತರೆ ಅದೂ ಫಲಿತಾಂಶವೇ. ಆ ನೀರನ್ನು ಯಾರೂ ಕುಡಿಯಬಾರದು.

ಕಲಘಟಗಿಯ ಹಾದಿ ಸ್ವಲ್ಪ ಬೇರೆ. ಅದು ಮಲೆನಾಡಿನ ಸೆರಗು, ಮಳೆ ಹೆಚ್ಚು. ಅಲ್ಲಿಯ ತಂಡಕ್ಕೆ ಮಳೆ ಶುರುವಾಗುವ ಮೊದಲು ಮತ್ತು ಮೊದಲ ಜೋರು ಮಳೆಯಾದ ವಾರದಲ್ಲಿ ಅದೇ ನಳಗಳನ್ನು ಎರಡು ಬಾರಿ ನೋಡುವುದು ಚೆಂದ. ಬೋರ್ ನೀರು ನಿಂತಾಗ ಕೆಂಪಗಾಗುವ ಊರಾದರೆ ಕಿಟ್ಟಿನ ಕಬ್ಬಿಣದ ಪರೀಕ್ಷೆಯನ್ನೂ ಸೇರಿಸಿಕೊಳ್ಳಬಹುದು. ಕುಂದಗೋಳದ ಕಡೆ ಕೈಪಂಪಿನ ಪಕ್ಕದಲ್ಲೇ ತಿಪ್ಪೆಯಿದ್ದರೆ ನೈಟ್ರೇಟ್ ನೋಡಬೇಕು. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ, ಕುದಿಸಿದರೆ ಅದು ಹೋಗುವುದಿಲ್ಲ.

ಫಲಿತಾಂಶ ಬಂದ ಮೇಲೆ ಮನೆಯ ಹೆಸರನ್ನು ಚಾರ್ಟಿನಲ್ಲಿ ಬರೆಯುವಂತಿಲ್ಲ, ಸಂಖ್ಯೆ ಸಾಕು. ಕಪ್ಪಾದ ಮನೆಗೆ ಮಾತ್ರ ತಂಡದ ಒಬ್ಬರು ಶಿಕ್ಷಕರೊಡನೆ ಹೋಗಿ, ನೀರು ಕುದಿಸಿ ಕುಡಿಯಿರಿ ಎಂದು ಹೇಳಿಬರಬೇಕು. ಶಾಲೆಯ ನಳ ಕಪ್ಪಾದರೆ ಅದೇ ದಿನ ಮುಖ್ಯಶಿಕ್ಷಕರಿಗೂ ಪಿಡಿಒಗೂ ತಿಳಿಸಿ, ಪ್ರಯೋಗಾಲಯದ ಪರೀಕ್ಷೆ ಕೇಳಬೇಕು. ಬಾಟಲಿ ಕೊಡುವುದು ಶಂಕೆ ಮಾತ್ರ, ಇ. ಕೊಲೈ ಎಣಿಸಿ ಖಚಿತ ಮಾಡುವುದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯ. ಅದಕ್ಕೆ ಅವರೇ ಕೊಡುವ ಶುದ್ಧೀಕರಿಸಿದ ಬಾಟಲಿಯಲ್ಲಿ ನೀರು ಹಿಡಿದು, ಐಸ್ ಪೆಟ್ಟಿಗೆಯಲ್ಲಿಟ್ಟು, ಸಾಧ್ಯವಾದರೆ ಆರು ತಾಸಿನೊಳಗೆ ತಲುಪಿಸಬೇಕು.

ಕಪ್ಪಾದ ಬಾಟಲಿಯೊಳಗೆ ಈಗ ಲಕ್ಷಗಟ್ಟಲೆ ಸೂಕ್ಷ್ಮಾಣುಗಳಿವೆ. ಅದನ್ನು ಮೇಳದ ಮೇಜಿನ ಮೇಲೆ ಇಡುವ ಆಸೆ ಬೇಡ, ಫೋಟೋ ತೆಗೆದರೆ ಸಾಕು. ಶಿಕ್ಷಕರು ಕೈಗವಸು ತೊಟ್ಟು ಬ್ಲೀಚಿಂಗ್ ಪೌಡರಿನ ದಪ್ಪ ದ್ರಾವಣ ಸುರಿದು, ಅರ್ಧ ತಾಸು ಬಿಟ್ಟು ಪಾಯಖಾನೆಗೆ ಚೆಲ್ಲಬೇಕು. ಆಮೇಲೆ ಎಲ್ಲರೂ ಸಾಬೂನಿನಲ್ಲಿ ಕೈ ತೊಳೆಯಬೇಕು.